ಕ್ಯೂಬ್ ತಿರುಗಿಸಬೇಡಿ, ನೆಲ ಹಾಸಿ

ಎಲ್ಲರಿಗೂ ನಮಸ್ಕಾರ, ಪುಣೆಯಿಂದ ಮಾತಾಡ್ತಿದ್ದೀನಿ. ಸಿ ಭಾಷೆಯಲ್ಲಿ ತ್ರಿಕೋನಗಳನ್ನ ತೆರೆಯ ಮೇಲಿನ ಪಿಕ್ಸೆಲ್‌ಗಳಾಗಿಸೋ ತಮ್ಮದೇ ಪುಟ್ಟ ರಾಸ್ಟರೈಸರ್ ಬರೆದವರು ಆಗಾಗ ವಿಡಿಯೊ ಕಳಿಸ್ತಾರೆ. ಬಹಳಷ್ಟರಲ್ಲಿ ಇರೋದು ಒಂದೇ: ಬಣ್ಣಬಣ್ಣದ ಕ್ಯೂಬ್ ಒಂದು ಗಿರಗಿರ ತಿರುಗ್ತಿರುತ್ತೆ. ನೋಡೋಕೆ ಚೆಂದ. ಆದ್ರೆ ನನ್ನ ತಕರಾರು ಇರೋದೇ ಆ ಕ್ಯೂಬ್ ಮೇಲೆ. ಒಳಗಿನ ಲೆಕ್ಕ ತಪ್ಪಿದ್ರೂ ಅದು ಸರಿಯಾಗೇ ಕಾಣುತ್ತೆ.

ಮೊದಲು ತ್ರಿಕೋನ ತುಂಬೋದು ನೋಡೋಣ. ಒಂದು ಪಿಕ್ಸೆಲ್ ತ್ರಿಕೋನದ ಒಳಗಿದೆಯಾ ಅಂತ ಕೇಳೋಕೆ ಹ್ವಾನ್ ಪಿನೇಡಾ 1988ರಲ್ಲಿ ಪ್ರಕಟಿಸಿದ ದಾರಿಯನ್ನೇ ಈಗಲೂ ಬಹಳಷ್ಟು ಜನ ಹಿಡಿಯೋದು. ಅದರ ಹೆಸರು ಎಡ್ಜ್ ಫಂಕ್ಷನ್.

```c
float edge(Vec2 a, Vec2 b, Vec2 p) {
    return (b.x - a.x) * (p.y - a.y)
         - (b.y - a.y) * (p.x - a.x);
}
```

ಬಿಂದು ಗೆರೆಯ ಯಾವ ಮಗ್ಗುಲಲ್ಲಿದೆ ಅಂತ ಇದರ ಚಿಹ್ನೆ ಹೇಳುತ್ತೆ. ಮೂರು ಅಂಚಿಗೂ ಒಂದೇ ಚಿಹ್ನೆ ಬಂದ್ರೆ ಬಿಂದು ಒಳಗಿದೆ. ಇದೇ ಮೂರು ಸಂಖ್ಯೆಗಳನ್ನ ಇಡೀ ತ್ರಿಕೋನದ ಎಡ್ಜ್ ಬೆಲೆಯಿಂದ ಭಾಗಿಸಿದ್ರೆ ಬ್ಯಾರಿಸೆಂಟ್ರಿಕ್ ನಿರ್ದೇಶಾಂಕಗಳು ಸಿಗ್ತವೆ. ಅಂದ್ರೆ ಈ ಪಿಕ್ಸೆಲ್‌ನಲ್ಲಿ ಯಾವ ಮೂಲೆಯ ಪಾಲು ಎಷ್ಟು ಅನ್ನೋ ಲೆಕ್ಕ. ಮೂರೂ ಕೂಡಿದ್ರೆ 1. ಒಳಗೋ ಹೊರಗೋ ಅಂತ ನೋಡಿದ ಲೆಕ್ಕವೇ ಬಣ್ಣ ಹಂಚೋಕೂ ಆಗುತ್ತೆ.

ತೊಡಕು ಇರೋದು ಬೆಲೆ ಸರಿಯಾಗಿ ಸೊನ್ನೆ ಬಂದಾಗ. 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಚೌಕವನ್ನ ಕರ್ಣದ ಮೇಲೆ ಸೀಳಿ ಎರಡು ತ್ರಿಕೋನ ಮಾಡಿ. ಪಿಕ್ಸೆಲ್‌ನ ನಡುಬಿಂದು (0.5, 0.5), (1.5, 1.5) ಹೀಗೆ ಬರೋದ್ರಿಂದ ಎಂಟು ಪಿಕ್ಸೆಲ್‌ಗಳು ಸರಿಯಾಗಿ ಕರ್ಣದ ಮೇಲೇ ಕೂರ್ತವೆ. ಕೋಡ್‌ನಲ್ಲಿ `>= 0` ಬರೆದ್ರೆ ಆ ಎಂಟನ್ನೂ ಎರಡೂ ತ್ರಿಕೋನಗಳು ಬರೀತವೆ. `> 0` ಬರೆದ್ರೆ ಯಾರೂ ಬರೆಯಲ್ಲ, ಕರ್ಣದುದ್ದಕ್ಕೂ ತೂತು. ತೂತು ಕಣ್ಣಿಗೆ ಬೀಳುತ್ತೆ. ಎರಡು ಸಲ ಬರೆದಿದ್ದು ಬೀಳಲ್ಲ, ಎಂದೋ ಒಂದು ದಿನ ಪಾರದರ್ಶಕ ಗಾಜು ಬರೆದಾಗ ಮಧ್ಯದಲ್ಲಿ ಗೆರೆಯಾಗಿ ಎದ್ದು ಬರುತ್ತೆ. ಅದಕ್ಕೇ ಬಣ್ಣದ ಬದಲು ಪ್ರತಿ ಪಿಕ್ಸೆಲ್‌ಗೂ ಒಂದು ಎಣಿಕೆ ಇಟ್ಟು ನೋಡಿ, ಎಲ್ಲ ಕಡೆ 1 ಇರಬೇಕು. ಪರಿಹಾರದ ಹೆಸರು ಟಾಪ್-ಲೆಫ್ಟ್ ನಿಯಮ: ಸೊನ್ನೆ ಬಂದಾಗ ಆ ಅಂಚು ತ್ರಿಕೋನದ ಮೇಲಂಚೋ ಎಡ ಅಂಚೋ ಆಗಿದ್ರೆ ಮಾತ್ರ ಪಿಕ್ಸೆಲ್ ಅದರದ್ದು. ಹಾಗೇ ಮೂಲೆಗಳನ್ನ ಪಿಕ್ಸೆಲ್‌ನ ಹದಿನಾರನೇ ಒಂದು ಭಾಗಕ್ಕೆ ಹೊಂದಿಸಿ, ಈ ಲೆಕ್ಕವನ್ನ ಪೂರ್ಣಾಂಕದಲ್ಲಿ ಮಾಡಿ. ಫ್ಲೋಟ್‌ನಲ್ಲಿ ಸೊನ್ನೆ ಅನ್ನೋದನ್ನ ನಂಬೋ ಹಾಗಿಲ್ಲ.

ಈಗ ಅಸಲಿ ವಿಷಯ. ಹಿಂಜವಡಿಯಲ್ಲಿ ಕೆಲಸ ಮಾಡೋ ಧಾರವಾಡದ ಕಡೆಯ ಹುಡುಗನೊಬ್ಬ ಲ್ಯಾಪ್‌ಟಾಪ್ ತಂದು ತೋರಿಸಿದ. "ಸರ, ಕ್ಯೂಬ್ ಮಸ್ತ್ ಬರ್ತದ. ನೆಲಕ್ಕ ಟೆಕ್ಸ್ಚರ್ ಹಚ್ಚಿದ್ರ ಮಾತ್ರ ನಡುವ ಮುರದಂಗ ಕಾಣ್ತದ ನೋಡ್ರಿ." ನೋಡಿದ್ರೆ ಚೆಸ್ ಹಲಗೆಯಂಥ ನೆಲ, ಗೆರೆಗಳೆಲ್ಲ ಕರ್ಣದವರೆಗೆ ನೆಟ್ಟಗೆ ಬಂದು ಅಲ್ಲಿಂದ ಬೇರೆ ದಿಕ್ಕಿಗೆ ಹೊರಳಿವೆ. ಟೆಕ್ಸ್ಚರ್ ಫೈಲ್ ಹಾಳಾಗಿದೆ ಅಂತ ಅವನ ಗುಮಾನಿ. ಫೈಲ್ ಸರಿಯಾಗೇ ಇತ್ತು. ಟೆಕ್ಸ್ಚರ್ ಚಿತ್ರದ ಯಾವ ಜಾಗ ಎಲ್ಲಿ ಬರಬೇಕು ಅಂತ ಹೇಳೋ u, v ಬೆಲೆಗಳನ್ನ ಅವನು ಬ್ಯಾರಿಸೆಂಟ್ರಿಕ್ ಪಾಲಿನಿಂದ ನೇರವಾಗಿ ಬೆರೆಸಿದ್ದ, ಅಷ್ಟೇ.

ಆ ನೆಲವನ್ನ ದಾದರ್ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಅಂದ್ಕೊಳ್ಳಿ. ಉದ್ದಕ್ಕೆ ಹನ್ನೆರಡು ಸಾಲು ಟೈಲ್ಸ್ ಹಾಕಿದೀವಿ. ಹತ್ತಿರದ ತುದಿಯಲ್ಲಿ w, ಅಂದ್ರೆ ಕ್ಯಾಮೆರಾದಿಂದ ಇರೋ ಆಳ, 2. ದೂರದ ತುದಿಯಲ್ಲಿ 10. u ಇಲ್ಲಿ 0, ಅಲ್ಲಿ 1. ತೆರೆಯ ಮೇಲೆ ಈ ಎರಡು ತುದಿಗಳ ನಟ್ಟನಡುವಿನ ಪಿಕ್ಸೆಲ್‌ನಲ್ಲಿ u ಎಷ್ಟು? ನೇರ ಸರಾಸರಿ 0.5, ಅಂದ್ರೆ ಆರು ಸಾಲು ಟೈಲ್ಸ್ ದಾಟಿದೀವಿ. ಆದ್ರೆ ಪ್ಲಾಟ್‌ಫಾರ್ಮ್ ಮೇಲೆ ನಿಂತು ನೋಡಿದವರಿಗೆ ಗೊತ್ತು, ಕಣ್ಣಿಗೆ ಕಾಣೋ ಅರ್ಧ ಭಾಗವನ್ನ ಕಾಲ ಹತ್ತಿರದ ಕೆಲವೇ ಸಾಲುಗಳು ನುಂಗಿರ್ತವೆ.

ಪರ್ಸ್ಪೆಕ್ಟಿವ್ ಅಂದ್ರೆ w ಇಂದ ಭಾಗಿಸೋದು. ಭಾಗಿಸಿ ಆದ ಮೇಲೆ ತೆರೆಯ ಮೇಲೆ ಸಮನಾಗಿ ಬದಲಾಗೋದು u ಅಲ್ಲ; u/w ಮತ್ತು 1/w. ಹಾಗಾಗಿ ಆ ಎರಡನ್ನ ಬೆರೆಸಬೇಕು. 1/w ಇಲ್ಲಿ 0.5, ಅಲ್ಲಿ 0.1, ನಡುವೆ 0.3. u/w ಇಲ್ಲಿ 0, ಅಲ್ಲಿ 0.1, ನಡುವೆ 0.05. ಈಗ 0.05 ಅನ್ನ 0.3 ರಿಂದ ಭಾಗಿಸಿ: ಆರನೇ ಒಂದು. ಹನ್ನೆರಡರಲ್ಲಿ ಎರಡೇ ಸಾಲು! ಹುಡುಗನ ಕೋಡ್ ಆರು ಸಾಲು ದಾಟಿ ನಿಂತಿತ್ತು.

ಇದೇ ಲೆಕ್ಕವನ್ನ ಕ್ಯೂಬ್‌ಗೆ ಹಾಕಿ. ಕ್ಯಾಮೆರಾದಿಂದ 10 ದೂರದಲ್ಲಿ 2 ಅಗಲದ ಕ್ಯೂಬ್ ಇದ್ರೆ ಅದರ ಪಕ್ಕದ ಮುಖದಲ್ಲಿ w 9 ರಿಂದ 11. ನಡುವೆ ಬರಬೇಕಾದ u 0.45, ತಪ್ಪು ಕೋಡ್ ಕೊಡೋದು 0.5. ಬಣ್ಣ ಬೆರೆಸಿದ ಮುಖದ ಮೇಲೆ ಈ ವ್ಯತ್ಯಾಸ ಯಾರಿಗೆ ಕಾಣಬೇಕು? 1994ರಲ್ಲಿ ಬಂದ ಮೊದಲ ಪ್ಲೇಸ್ಟೇಷನ್ ಈ ಭಾಗಾಕಾರ ಮಾಡ್ತಾನೇ ಇರಲಿಲ್ಲ, ಅದರ ಆಟಗಳಲ್ಲಿ ನೆಲ ಗೋಡೆಗಳ ಮೇಲಿನ ಟೆಕ್ಸ್ಚರ್ ಡೊಂಕಾಗಿ ಓಲಾಡೋದು ಅದಕ್ಕೇ. 1996ರ ಕ್ವೇಕ್ ಜಾಣತನ ಮಾಡ್ತು: ಸಾಲಿನಲ್ಲಿ 16 ಪಿಕ್ಸೆಲ್‌ಗೊಮ್ಮೆ ಮಾತ್ರ ಸರಿಯಾಗಿ ಭಾಗಿಸಿ, ನಡುವೆ ನೇರ ಸರಾಸರಿ. ಆಗ ಭಾಗಾಕಾರ ದುಬಾರಿ. ಇವತ್ತು ಪುಟ್ಟ ರಾಸ್ಟರೈಸರ್‌ನಲ್ಲಿ ಪ್ರತಿ ಪಿಕ್ಸೆಲ್‌ಗೂ ಭಾಗಿಸಿ, ಏನೂ ಹೋಗಲ್ಲ.

ಹಾಗಾಗಿ ಇದನ್ನ ಕೊನೇ ಪಾಠಕ್ಕೆ ತಳ್ಳೋದು ನನಗೆ ಒಪ್ಪಿಗೆಯಿಲ್ಲ. ಮೊದಲ ದಿನವೇ ವರ್ಟೆಕ್ಸ್ ಸ್ಟ್ರಕ್ಟ್‌ನಲ್ಲಿ `iw` ಅಂತ 1/w ಇಟ್ಕೊಳ್ಳಿ, `uiw` ಅಂತ u/w ಇಟ್ಕೊಳ್ಳಿ. ಆಗ ಪ್ರತಿ ಪಿಕ್ಸೆಲ್‌ನಲ್ಲೂ ಯಾವುದು ಮುಂದಿದೆ ಅಂತ ನೆನಪಿಡೋ ಡೆಪ್ತ್ ಬಫರ್ ಪುಕ್ಕಟೆ ಸಿಗುತ್ತೆ. ಹತ್ತಿರ ಇದ್ದಷ್ಟೂ 1/w ದೊಡ್ಡದು, ದೂರ ಹೋದಷ್ಟೂ ಸೊನ್ನೆಯ ಕಡೆ. ಬಫರ್‌ಗೆ 0 ತುಂಬಿ, ದೊಡ್ಡದು ಗೆಲ್ಲಲಿ. ಕೆಳಗೆ p, q, r ಮೂರು ಮೂಲೆಗಳು; b0, b1, b2 ಅವುಗಳ ಬ್ಯಾರಿಸೆಂಟ್ರಿಕ್ ಪಾಲು:

```c
float iw = b0*p.iw + b1*q.iw + b2*r.iw;
if (iw > depth[i]) {
    depth[i] = iw;
    float u = (b0*p.uiw + b1*q.uiw + b2*r.uiw) / iw;
    /* v ಗೂ ಹೀಗೇ */
}
```

ಇಲ್ಲಿ ಇನ್ನೊಂದು ಎಡವಟ್ಟು ನೋಡಿದ್ದೀನಿ. ಪಾಠ ಕಲಿತ ಉತ್ಸಾಹದಲ್ಲಿ ಕೆಲವರು ಈಗಾಗಲೇ w ಇಂದ ಭಾಗಿಸಿರೋ ಡೆಪ್ತ್‌ಗೂ ಇದೇ ತಿದ್ದುಪಡಿ ಹಚ್ತಾರೆ. ಅದು ತೆರೆಯ ಮೇಲೆ ಸಮನಾಗೇ ಬದಲಾಗೋದು, ಮತ್ತೆ ತಿದ್ದಿದ್ರೆ ಚಪ್ಪಟೆ ನೆಲ ಆಳದಲ್ಲಿ ಬಾಗುತ್ತೆ. ಪತ್ತೆ ಮಾಡೋದು ಸುಲಭ: ನೆಲಕ್ಕೆ ಒಂದು ಗೋಡೆಯನ್ನ ಓರೆಯಾಗಿ ತೂರಿಸಿ. ಎರಡೂ ಸೇರೋ ಗೆರೆ ನೆಟ್ಟಗಿರಬೇಕು. ಡೊಂಕಾಗಿದ್ರೆ ಇದೇ ತಪ್ಪು.

ನೆಲ ಹಾಸಿದವರಿಗೆ ಬೇಗನೆ ಎದುರಾಗೋ ಇನ್ನೊಂದು ಸಂಗತಿ, ನೆಲ ಕ್ಯಾಮೆರಾದ ಬೆನ್ನ ಹಿಂದಕ್ಕೂ ಹೋಗುತ್ತೆ. ಹತ್ತಿರದ ಮೂಲೆಯ w -1 ಆದ್ರೆ ಭಾಗಿಸಿದಾಗ ಆ ಮೂಲೆ ತಲೆಕೆಳಗಾಗಿ ಆಕಾಶಕ್ಕೆ ಜಿಗಿಯುತ್ತೆ. ಭಾಗಿಸೋ ಮುಂಚೆಯೇ ಅಂಚನ್ನ ಕತ್ತರಿಸಬೇಕು. w -1 ರಿಂದ 10ರವರೆಗೆ ಹೋಗೋ ಅಂಚನ್ನ w 0.1 ಇರೋ ಕಡೆ ಕತ್ತರಿಸೋದಾದ್ರೆ, ಅಂಚಿನ ಎಷ್ಟು ಪಾಲು ದಾಟಿ ಕತ್ತರಿ ಹಾಕಬೇಕು ಅನ್ನೋ ಬೆಲೆ t = (0.1 + 1) / (10 + 1), ಸರಿಯಾಗಿ 0.1. ಇಲ್ಲಿ u ಗೂ ನೇರವಾಗಿ ಇದೇ t ಹಾಕಿ, ಇನ್ನೂ ಭಾಗಿಸಿಲ್ಲವಲ್ಲ. ಒಂದು ಮೂಲೆ ಹೋದ ತ್ರಿಕೋನ ಚತುರ್ಭುಜ ಆಗುತ್ತೆ, ಅದನ್ನ ಮತ್ತೆ ಎರಡು ತ್ರಿಕೋನ ಮಾಡಿ ಮುಂದಕ್ಕೆ ಕಳಿಸಿ.