'7' ಮತ್ತು 7ರ ನಡುವಿನ 48

ಎಲ್ಲರಿಗೂ ನಮಸ್ಕಾರ. ಕೀಬೋರ್ಡಿನಲ್ಲಿ 7 ಒತ್ತಿದಾಗ, ಅದನ್ನು ಅಕ್ಷರವಾಗಿ ಓದುವ ಸಿ ಪ್ರೋಗ್ರಾಮಿಗೆ ಏಳು ಸಿಗುವುದಿಲ್ಲ, 55 ಸಿಗುತ್ತದೆ. ಆಸ್ಕಿ ಪಟ್ಟಿಯಲ್ಲಿ '7' ಎಂಬ ಅಕ್ಷರಕ್ಕೆ ಕೊಟ್ಟಿರುವ ನಂಬರ್ ಅದು. '0' ಗೆ 48, '1' ಗೆ 49, ಹೀಗೇ '9' ಗೆ 57. ಹತ್ತೂ ಅಂಕಿಗಳು ಸಾಲಾಗಿ ಕೂತಿವೆ. ಹಾಗಾಗಿ '7' ರಲ್ಲಿ '0' ಕಳೆದರೆ 7 ಉಳಿಯುತ್ತದೆ.

ಕೋಡಿನಲ್ಲಿ 48 ಅಂತ ಬರೆಯಬೇಡಿ, '0' ಅಂತಲೇ ಬರೆಯಿರಿ. ಐಬಿಎಂ ಮೇನ್‌ಫ್ರೇಮ್‌ಗಳ ಎಬ್ಸಿಡಿಕ್ ಪಟ್ಟಿಯಲ್ಲಿ '0' ಗೆ 240. ಅಲ್ಲೂ ಅಂಕಿಗಳು ಸಾಲಾಗಿಯೇ ಇವೆ. ಹಾಗೇ ಇರಬೇಕು ಅಂತ ಸಿ ಭಾಷೆಯ ನಿಯಮವೂ ಇದೆ.

ಈಗ ಅಂಕಿಗಳ ಮೊತ್ತ ಮಾಡೋಣ.

```c
int sum = 0;
for (int i = 0; s[i] != '\0'; i++)
    sum += s[i] - '0';
```

`s` ನಲ್ಲಿ "4072" ಇದ್ದರೆ 13 ಬರಬೇಕು. `- '0'` ಮರೆತರೆ 205 ಬರುತ್ತದೆ. ವ್ಯತ್ಯಾಸ 192, ಅಂದ್ರೆ ನಾಲ್ಕು ಸಲ 48. ಉತ್ತರ ಹೀಗೆ ಉಬ್ಬಿದ್ದರೆ ತಪ್ಪು ಎಲ್ಲಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ನನಗೆ ಒಮ್ಮೆ ಇದೇ ಲೆಕ್ಕದಲ್ಲಿ -25 ಬಂತು. ಅಂಕಿಗಳನ್ನು ಕೂಡಿದರೆ ಮೈನಸ್ ಹೇಗೆ ಬರುತ್ತೆ, ಅಲ್ವಾ? ತುಂಬಾ ಹೊತ್ತು ಹುಡುಕಿದೆ. `fgets` ನಿಂದ ಓದಿದ್ದೆ. ಕೊನೆಯಲ್ಲಿ ಒತ್ತಿದ ಎಂಟರ್ ಕೂಡ `'\n'` ಆಗಿ ಒಳಗೆ ಬಂದಿತ್ತು. ಅದರ ನಂಬರ್ 10. ಹತ್ತರಲ್ಲಿ 48 ಕಳೆದರೆ -38. ಹದಿಮೂರಕ್ಕೆ ಅದು ಸೇರಿ -25. ಅಂದಿನಿಂದ ಕಳೆಯುವ ಮುಂಚೆ ಅಕ್ಷರ '0' ಮತ್ತು '9' ರ ನಡುವೆ ಇದೆಯಾ ಅಂತ ನೋಡುತ್ತೇನೆ.

ಸಂಖ್ಯೆಯನ್ನು ತಿರುಗಿಸುವಾಗ ಉಲ್ಟಾ ದಾರಿ ಬೇಕು: ಅಂಕಿಗೆ '0' ಕೂಡಿಸಿದರೆ ಅಕ್ಷರ.

```c
int k = 0;
do {
    buf[k++] = n % 10 + '0';
    n /= 10;
} while (n > 0);
buf[k] = '\0';
```

`n % 10` ಬಲಗಡೆಯ ಅಂಕಿಯನ್ನೇ ಮೊದಲು ಕೊಡುತ್ತದೆ. ಹಾಗಾಗಿ `buf` ತಾನಾಗಿಯೇ ತಿರುಗಿಕೊಂಡಿರುತ್ತದೆ. 1200 ಕೊಟ್ಟರೆ "0021". ಇದನ್ನೇ `rev = rev * 10 + n % 10` ಅಂತ ಸಂಖ್ಯೆಯಾಗಿ ಕಟ್ಟಿದರೆ ಸೊನ್ನೆಗಳು ಹೋಗಿ ಬರೀ 21 ಉಳಿಯುತ್ತದೆ. ಸೊನ್ನೆ ಬೇಕಿದ್ದರೆ ಅಕ್ಷರಗಳಲ್ಲೇ ಇರಿ. ಇನ್ನು `do` ಯಾಕೆ ಅಂದ್ರೆ, `n` ಸೊನ್ನೆಯೇ ಆಗಿದ್ದರೆ ಸುಮ್ನೆ `while` ಒಂದು ಅಂಕಿಯನ್ನೂ ಬರೆಯುವುದಿಲ್ಲ. ಮೈನಸ್ ಸಂಖ್ಯೆ ಬಂದರೆ ಮಾತ್ರ ಚಿಹ್ನೆಯನ್ನು ಮೊದಲೇ ತೆಗೆದಿಡಬೇಕು.

ನಮ್ಮ ಕನ್ನಡ ಅಂಕಿಗಳೂ ಯೂನಿಕೋಡ್‌ನಲ್ಲಿ ಸಾಲಾಗಿಯೇ ಇವೆ, ೦ ಯಿಂದ ೯ ರವರೆಗೆ. ಜಾವಾದಲ್ಲಿ `'೭' - '೦'` ಬರೆದರೆ ಸರಿಯಾಗಿ 7 ಬರುತ್ತದೆ. `'೭' - '0'` ಬರೆದರೆ 3261! ಸಿ ಯಲ್ಲಿ ಇನ್ನೂ ಎಚ್ಚರ ಬೇಕು. ಯುಟಿಎಫ್-8ನಲ್ಲಿ ೭ ಮೂರು ಬೈಟ್ ಹಿಡಿಯುತ್ತದೆ, ಮೇಲಿನ ಲೂಪ್ ಅದನ್ನು ಮೂರು ಬೇರೆ ಬೇರೆ ಅಕ್ಷರ ಅಂತಲೇ ಓದುತ್ತದೆ.