ಬ್ರೇಕ್ ಹಾಕಿದ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಚಲನೆಯ ಪಾಠ ಓದುತ್ತಿರುವ ಮಕ್ಕಳು ರೇಡಿಯೊ ಹತ್ತಿರ ಇದ್ದರೆ ಒಂದು ಹಾಳೆ, ಒಂದು ಪೆನ್ಸಿಲ್ ತಂದು ಕೂತುಕೊಳ್ಳಿ. ಮನೆಯ ದೊಡ್ಡವರೂ ಜೊತೆಗೆ ಕೂರಬಹುದು. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು. ಲೆಕ್ಕದಲ್ಲಿ ‘ಗಂಟೆಗೆ ಇಷ್ಟು ಕಿಲೋಮೀಟರ್’ ಎಂದು ಕಂಡಿತೋ, ಬೇರೆ ಯಾವ ಕೆಲಸಕ್ಕೂ ಕೈ ಹಾಕಬೇಡಿ. ಅದನ್ನು ‘ಸೆಕೆಂಡಿಗೆ ಇಷ್ಟು ಮೀಟರ್’ ಎಂದು ಬದಲಿಸಿ ಮೊದಲ ಸಾಲಿನಲ್ಲೇ ಬರೆದುಕೊಳ್ಳಿ. ಮೊದಲು ಬದಲಿಸಿ, ಆಮೇಲೆ ಸೂತ್ರ.

ಲೆಕ್ಕ ಇದು, ಬರೆದುಕೊಳ್ಳಿ. ಒಂದು ಕಾರು ನೇರ ರಸ್ತೆಯಲ್ಲಿ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಚಾಲಕ ಬ್ರೇಕ್ ಒತ್ತುತ್ತಾನೆ. ಅಲ್ಲಿಂದ ಮುಂದೆ ಪ್ರತಿ ಸೆಕೆಂಡಿಗೂ ಕಾರಿನ ವೇಗ ಸೆಕೆಂಡಿಗೆ 4 ಮೀಟರಿನಷ್ಟು ಇಳಿಯುತ್ತಾ ಹೋಗುತ್ತದೆ. ಪುಸ್ತಕದ ಭಾಷೆಯಲ್ಲಿ ಇದಕ್ಕೆ ಋಣ ವೇಗೋತ್ಕರ್ಷ 4 m/s² ಎನ್ನುತ್ತಾರೆ. ಪೂರ್ತಿ ನಿಲ್ಲುವಷ್ಟರಲ್ಲಿ ಕಾರು ಎಷ್ಟು ದೂರ ಹೋಗಿರುತ್ತದೆ?

ಮೊದಲು 72 ಅನ್ನು ಬದಲಿಸೋಣ. ಒಂದು ಕಿಲೋಮೀಟರ್ ಅಂದರೆ 1000 ಮೀಟರ್. ಒಂದು ಗಂಟೆ ಅಂದರೆ 3600 ಸೆಕೆಂಡ್. ಈಗ ಗಂಟೆಗೆ 18 ಕಿಲೋಮೀಟರ್ ಹೋಗುವ ಒಂದು ಸೈಕಲ್ಲನ್ನು ನೆನೆಸಿಕೊಳ್ಳಿ. ಅದು 3600 ಸೆಕೆಂಡಿನಲ್ಲಿ 18,000 ಮೀಟರ್ ಹೋಗುತ್ತದೆ. ಹಾಗಾದರೆ ಒಂದು ಸೆಕೆಂಡಿಗೆ? 18,000 ಅನ್ನು 3600ರಿಂದ ಭಾಗಿಸಿ. ಸರಿಯಾಗಿ 5 ಬರುತ್ತದೆ, ಶೇಷವೇ ಇಲ್ಲ. ಗಂಟೆಗೆ 18 ಕಿಲೋಮೀಟರ್ ಎಂದರೂ ಸೆಕೆಂಡಿಗೆ 5 ಮೀಟರ್ ಎಂದರೂ ಒಂದೇ ವೇಗ. ನೀವು ಬಾಯಿಪಾಠ ಮಾಡಿರುವ 5/18 ಬಂದಿರುವುದು ಇಲ್ಲಿಂದ. ಆ ಭಿನ್ನರಾಶಿ ಮರೆತುಹೋದರೂ ಚಿಂತೆಯಿಲ್ಲ, ಈ ಸೈಕಲ್ಲನ್ನು ಮಾತ್ರ ಮರೆಯಬೇಡಿ. ಹದಿನೆಂಟಕ್ಕೆ ಐದು.

ಹದಿನೆಂಟಕ್ಕೆ ಐದಾದರೆ ಮೂವತ್ತಾರಕ್ಕೆ ಹತ್ತು, ಐವತ್ತನಾಲ್ಕಕ್ಕೆ ಹದಿನೈದು, ಎಪ್ಪತ್ತೆರಡಕ್ಕೆ ಇಪ್ಪತ್ತು. ನಮ್ಮ ಕಾರು ಸೆಕೆಂಡಿಗೆ 20 ಮೀಟರ್ ಹೋಗುತ್ತಿದೆ. ಮೊದಲ ಸಾಲು ಮುಗಿಯಿತು. ಈಗ ಸೂತ್ರ. ಕೊನೆಯಲ್ಲಿ ಕಾರು ನಿಲ್ಲುವುದರಿಂದ, ಆರಂಭದ ವೇಗದ ವರ್ಗವನ್ನು ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದರೆ ದೂರ ಸಿಗುತ್ತದೆ. 20ರ ವರ್ಗ 400. ನಾಲ್ಕರ ಎರಡರಷ್ಟು 8. 400 ಭಾಗಿಸು 8, ಐವತ್ತು. ಕಾರು 50 ಮೀಟರ್ ಹೋಗಿ ನಿಲ್ಲುತ್ತದೆ.

ಇಷ್ಟೇ ಲೆಕ್ಕ. ಆದರೆ ಇದೇ ಲೆಕ್ಕಕ್ಕೆ 648 ಮೀಟರ್ ಎಂದು ಉತ್ತರ ಬರೆದ ಒಬ್ಬ ಹುಡುಗಿಯ ವಿಷಯ ನಿಮಗೆ ಹೇಳಲೇಬೇಕು. ನನ್ನ ಪಾಠದ ರೀತಿಯನ್ನೇ ಬದಲಿಸಿದವಳು ಅವಳು.

ಅವಳು 72 ಅನ್ನು ಹಾಗೇ ಸೂತ್ರಕ್ಕೆ ಹಾಕಿದ್ದಳು. 72ರ ವರ್ಗ 5184, ಅದನ್ನು 8ರಿಂದ ಭಾಗಿಸಿದರೆ 648. ಗುಣಾಕಾರ ಸರಿ, ಭಾಗಾಕಾರ ಸರಿ, ಅಕ್ಷರ ಮುತ್ತಿನಂತೆ, ಉತ್ತರದ ಕೆಳಗೆ ಎರಡು ಗೆರೆ ಬೇರೆ. ನಾನು ಕೆಂಪು ಶಾಯಿಯಲ್ಲಿ ‘ಏಕಮಾನ ನೋಡು’ ಎಂದು ಬರೆದು ಅಂಕ ಕಳೆದೆ. ಮಾರನೆಯ ದಿನ ಆಕೆ ಪುಸ್ತಕ ಹಿಡಿದು ಬಂದಳು. “ಸರ್, ನಾನು ತಾಳೆ ನೋಡಿದ್ದೇನೆ. ಇನ್ನೊಂದು ದಾರಿಯಲ್ಲಿ ಮಾಡಿದರೂ ಇಷ್ಟೇ ಬರುತ್ತೆ” ಎಂದಳು.

ನಿಜವಾಗಿಯೂ ಮಾಡಿದ್ದಳು. 72 ಅನ್ನು 4ರಿಂದ ಭಾಗಿಸಿ, ನಿಲ್ಲಲು 18 ಸೆಕೆಂಡ್ ಬೇಕು ಎಂದು ತೆಗೆದಿದ್ದಳು. 72ರಿಂದ ಸೊನ್ನೆಗೆ ಇಳಿಯುವ ವೇಗದ ಸರಾಸರಿ 36. ಮೂವತ್ತಾರು ಹದಿನೆಂಟಲ 648. ಎರಡು ದಾರಿ, ಒಂದೇ ಉತ್ತರ. ಅವಳ ಜಾಗದಲ್ಲಿ ನೀವಿದ್ದರೂ ಸರಿ ಎಂದೇ ನಂಬುತ್ತಿದ್ದಿರಿ.

ಇಲ್ಲಿ ಸ್ವಲ್ಪ ಗಮನ ಕೊಡಿ. ಸೂತ್ರಕ್ಕೆ ನೀವು ಕೊಟ್ಟ ಅಂಕಿ ಮಾತ್ರ ಗೊತ್ತು, ಅದು ಗಂಟೆಯದೋ ಸೆಕೆಂಡಿನದೋ ಗೊತ್ತಿಲ್ಲ. ಒಂದೇ ತಪ್ಪು ಅಂಕಿಯನ್ನು ಎರಡು ಸೂತ್ರಗಳಿಗೆ ಕೊಟ್ಟರೆ ಎರಡೂ ಸೇರಿ ಒಂದೇ ತಪ್ಪು ಉತ್ತರವನ್ನು ಕೊಡುತ್ತವೆ. ತಾಳೆ ನೋಡಿದರೆ ಈ ತಪ್ಪು ಸಿಗುವುದಿಲ್ಲ. ಅದಕ್ಕೇ ಹೇಳುತ್ತಿರುವುದು, ಮೊದಲು ಬದಲಿಸಿ, ಆಮೇಲೆ ಸೂತ್ರ.

ಆ ದಿನ ನಾನು ಅವಳನ್ನೂ ಜೊತೆಗಿದ್ದವರನ್ನೂ ಮೈದಾನಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಸುಣ್ಣದಲ್ಲಿ ಗೆರೆ ಎಳೆದ 400 ಮೀಟರಿನ ಓಟದ ಪಥವಿತ್ತು. “ಇಲ್ಲಿ ಬ್ರೇಕ್ ಹಾಕಿದೆ ಅಂದುಕೊಳ್ಳಮ್ಮ. ಕಾರು ನಿಲ್ಲುವವರೆಗೆ ನಡೆ” ಎಂದೆ. ಅವಳು ನಡೆದಳು. ಒಂದು ಸುತ್ತು ಮುಗಿಯಿತು, ಕಾರು ನಿಂತಿಲ್ಲ. ಇನ್ನರ್ಧ ಸುತ್ತು ಆಯಿತು, ಆಗಲೂ ನಿಂತಿಲ್ಲ. ಅದಾದ ಮೇಲೂ 48 ಮೀಟರ್ ಬಾಕಿ. ಎಲ್ಲ ಸೇರಿ ಒಂಬತ್ತು ನಿಮಿಷ ಹಿಡಿಯಿತು. ಆಮೇಲೆ ಟೇಪು ಹಿಡಿದು 50 ಮೀಟರ್ ಅಳೆದು ಒಂದು ಕಲ್ಲು ಇಟ್ಟೆವು. ಆರಂಭದ ಗೆರೆಯ ಮೇಲೆ ನಿಂತು ಅವಳು ಆ ಕಲ್ಲನ್ನೇ ನೋಡುತ್ತಿದ್ದಳು. ಕೊನೆಗೆ ಕೇಳಿದಳು, “ಹಾಗಾದರೆ ನನ್ನ ಕಾರಿಗೆ ಬ್ರೇಕ್ ಸರಿಯಾಗಿ ಹಿಡಿದಿಲ್ವಾ ಸರ್?”

ಇಷ್ಟು ಚೆಂದದ ಪ್ರಶ್ನೆಯನ್ನು ಈ ಪಾಠದಲ್ಲಿ ನನಗೆ ಬೇರೆ ಯಾರೂ ಕೇಳಿಲ್ಲ. ಯಾಕೆಂದರೆ ಆಗಿದ್ದು ಅದೇ. 72ರಿಂದ 4 ಕಳೆಯುತ್ತಾ ಹೋದಾಗ ಅವಳು ಏನು ಹೇಳಿದ ಹಾಗಾಯಿತು? ಕಾರಿನ ವೇಗ ಮೊದಲ ಸೆಕೆಂಡಿಗೆ 72ರಿಂದ 68ಕ್ಕೆ, ಮುಂದಿನ ಸೆಕೆಂಡಿಗೆ 64ಕ್ಕೆ ಇಳಿಯುತ್ತದೆ ಎಂದು. ಪ್ರತಿ ಸೆಕೆಂಡಿಗೆ ಗಂಟೆಗೆ 4 ಕಿಲೋಮೀಟರಿನಷ್ಟು ಇಳಿಕೆ. ಆದರೆ ಲೆಕ್ಕದಲ್ಲಿ ಕೊಟ್ಟಿದ್ದು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 4 ಮೀಟರ್. ಅದನ್ನು ಗಂಟೆಯ ಭಾಷೆಗೆ ತಂದರೆ 14.4 ಕಿಲೋಮೀಟರ್. ಕೊಟ್ಟಿದ್ದಕ್ಕಿಂತ 3.6 ಪಟ್ಟು ದುರ್ಬಲವಾದ ಬ್ರೇಕನ್ನು ಅವಳು ಹಾಕಿದ್ದಳು. ಅಂಥ ಬ್ರೇಕ್ ಇರುವ ಕಾರು ನಿಜಕ್ಕೂ 18 ಸೆಕೆಂಡ್ ತೆಗೆದುಕೊಳ್ಳುತ್ತದೆ, ನಿಜಕ್ಕೂ 180 ಮೀಟರ್ ಹೋಗುತ್ತದೆ.

180 ಎಂದೆ, 648 ಎನ್ನಲಿಲ್ಲ. ಮಿಕ್ಕಿದ್ದು ಎಲ್ಲಿಂದ ಬಂತು? 36 ಅನ್ನು 18ರಿಂದ ಗುಣಿಸಿದ ಸಾಲನ್ನು ನೋಡಿ. ಆ 36, ಗಂಟೆಗೆ ಕಿಲೋಮೀಟರ್. 18, ಸೆಕೆಂಡ್. ಗಂಟೆಯ ವೇಗವನ್ನು ಸೆಕೆಂಡಿನಿಂದ ಗುಣಿಸಿ ಬಂದದ್ದಕ್ಕೆ ‘ಮೀಟರ್’ ಎಂದು ಹೆಸರಿಟ್ಟರೆ ಮತ್ತೊಮ್ಮೆ 3.6 ಪಟ್ಟು ಹಿಗ್ಗುತ್ತದೆ. 50 ಮೊದಲು 180 ಆಯಿತು, 180 ಮತ್ತೆ 648 ಆಯಿತು. ಒಂದು ಸಾಲು ಬಿಟ್ಟಿದ್ದಕ್ಕೆ ಎರಡು ಸಲ ದಂಡ. ವೇಗದ ವರ್ಗ ಇರುವ ಸೂತ್ರದಲ್ಲಿ ತಪ್ಪೂ ವರ್ಗವಾಗುತ್ತದೆ ಎನ್ನುವುದು ಇದನ್ನೇ. 3.6 ಗುಣಿಸು 3.6, ಹದಿಮೂರಕ್ಕೆ ಒಂಚೂರು ಕಡಿಮೆ. ನಿಮ್ಮ ಉತ್ತರ ಪುಸ್ತಕದ ಉತ್ತರದ ಸುಮಾರು ಹದಿಮೂರು ಪಟ್ಟು ಬಂದಿದ್ದರೆ, ತಪ್ಪು ಎಲ್ಲಿದೆ ಎಂದು ಇನ್ನು ಹುಡುಕಬೇಕಾಗಿಲ್ಲ.

ಸಮಯ ಸರಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಬದಲಿಸಲು ಗೊತ್ತಿದ್ದವರು ಎಡವುವುದು 5 ಮೇಲೆಯೋ 18 ಮೇಲೆಯೋ ಎಂಬಲ್ಲಿ. ಗಂಟೆಯಿಂದ ಸೆಕೆಂಡಿಗೆ ಬಂದಾಗ ಅಂಕಿ ಸಣ್ಣದಾಗಲೇಬೇಕು, ಅದೊಂದನ್ನು ನೋಡಿಕೊಳ್ಳಿ. ತಿರುಗಿಸಿ ಹಾಕಿದರೆ ನಮ್ಮ 72, ಸೆಕೆಂಡಿಗೆ 259 ಮೀಟರ್ ಆಗುತ್ತದೆ. ಗಾಳಿಯಲ್ಲಿ ಶಬ್ದವೇ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವುದು. ಕಾರು ಅದರ ಮುಕ್ಕಾಲು ವೇಗದಲ್ಲಿ ಹೋದೀತೇ? ಇನ್ನೊಂದು ಅಳತೆ ಬೇಕಿದ್ದರೆ ಉಸೇನ್ ಬೋಲ್ಟ್ ಅವರನ್ನು ನೆನಪಿಟ್ಟುಕೊಳ್ಳಿ. 2009ರಲ್ಲಿ ಬರ್ಲಿನ್‌ನಲ್ಲಿ ಅವರು 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದರು. ಅಂದರೆ ಸೆಕೆಂಡಿಗೆ ಸರಾಸರಿ ಹತ್ತು ಮೀಟರಿಗಿಂತ ತುಸು ಹೆಚ್ಚು, ಗಂಟೆಗೆ ಮೂವತ್ತೇಳೂವರೆ ಕಿಲೋಮೀಟರ್. ನಿಮ್ಮ ಲೆಕ್ಕದಲ್ಲಿ ನಡೆದು ಹೋಗುವವನ ವೇಗ ಸೆಕೆಂಡಿಗೆ 18 ಮೀಟರ್ ಎಂದು ಬಂದರೆ, ಪೆನ್ಸಿಲ್ ಅಲ್ಲೇ ನಿಲ್ಲಿಸಿ.

ಮತ್ತೆ, 5/18 ಅನ್ನು 0.28 ಎಂದು ಬರೆದುಕೊಳ್ಳಬೇಡಿ. 72 ಆಗ 20.16 ಆಗುತ್ತದೆ, ನಿಲ್ಲುವ ದೂರ 50.8 ಆಗುತ್ತದೆ. ಭಿನ್ನರಾಶಿಯಾಗಿಯೇ ಇಟ್ಟು, ಮೊದಲು 18ರಿಂದ ಭಾಗಿಸಿ, ಆಮೇಲೆ 5ರಿಂದ ಗುಣಿಸಿ.

ಇನ್ನೊಂದು ಲೆಕ್ಕ ಕೊಟ್ಟು ಮುಗಿಸುತ್ತೇನೆ. ಕಾರಿನ ವೇಗ ಗಂಟೆಗೆ 90 ಕಿಲೋಮೀಟರ್. ಎದುರಿಗೆ ಅಡ್ಡಿ ಕಂಡ ಮೇಲೆ ಚಾಲಕನ ಕಾಲು ಬ್ರೇಕ್ ಮುಟ್ಟಲು ಒಂದು ಸೆಕೆಂಡ್ ಹಿಡಿಯುತ್ತದೆ. ಆ ಒಂದು ಸೆಕೆಂಡ್ ಕಾರು ಅದೇ ವೇಗದಲ್ಲಿ ಹೋಗುತ್ತಲೇ ಇರುತ್ತದೆ. ಬ್ರೇಕ್ ಬಿದ್ದ ಮೇಲೆ ಋಣ ವೇಗೋತ್ಕರ್ಷ 5 m/s². ಒಟ್ಟು ಎಷ್ಟು ದೂರ? ಎರಡು ಭಾಗ ಮಾಡಿ, ಬ್ರೇಕಿಗೆ ಮೊದಲಿನದು ಒಂದು, ನಂತರದ್ದು ಇನ್ನೊಂದು. ಆದರೆ ಎರಡಕ್ಕೂ ಮೊದಲು 90 ಅನ್ನು ಬದಲಿಸಿ ಬರೆಯಿರಿ. ತೊಂಬತ್ತರಲ್ಲಿ ಎಷ್ಟು ಹದಿನೆಂಟು? ಐದು. ಐದೈದಲ ಇಪ್ಪತ್ತೈದು. ಮುಂದಿನದು ನಿಮ್ಮದು. ಒಟ್ಟು 87.5 ಮೀಟರ್ ಬರಬೇಕು. 90ಕ್ಕೆ 810 ಕೂಡಿಸಿ 900 ಬಂದಿದ್ದರೆ ಗುಣಾಕಾರ ಮತ್ತೆ ಮಾಡಲು ಹೋಗಬೇಡಿ, ಮೊದಲ ಸಾಲು ನೋಡಿ.

ನಮಸ್ಕಾರ.