ಕೊಡೆ ಯಾವ ಕಡೆ ವಾಲಿಸ್ಬೇಕು

ಕೇಳುಗರಿಗೆಲ್ಲ ನಮಸ್ಕಾರ. ಕುಮಟಾ ಹತ್ರದ ಒಂದು ಹೈಸ್ಕೂಲಲ್ಲಿ ಮೊನ್ನೆ ಹತ್ತನೇ ಮಕ್ಕಳ ಬೀಳ್ಕೊಡುಗೆ ಇತ್ತು. ಅಲ್ಲಿ ನಾನು ಮಾತಾಡೂಕೆ ಹೋಗಿದ್ದೆ, ಆದ್ರೆ ಬಿಸಿಲು ಜೋರು, ಮಕ್ಕಳಿಗೆ ಫೋಟೋ ತೆಗೆಸ್ಕೊಳ್ಳೋ ಗಡಿಬಿಡಿ, ಹೇಳ್ಬೇಕಾದ್ದು ಅರ್ಧಕ್ಕೇ ನಿಂತು ಹೋಯ್ತು. ಆ ಉಳಿದದ್ದನ್ನೂ ಸೇರಿಸಿ ಇವತ್ತು ರೇಡಿಯೋದಲ್ಲಿ ಹೇಳ್ತೇನೆ. ಈ ಸಲ ಎಸ್ಸೆಸ್ಸೆಲ್ಸಿ ಬರೆಯೋ ಮಕ್ಕಳು ಮನೇಲಿದ್ರೆ ಹತ್ರ ಕರ್ದು ಕೂರಿಸ್ಕೊಳ್ಳಿ.

ಮಕ್ಕಳೇ, ಅವತ್ತು ನಿಮ್ಮನ್ನ ಕೇಳಿದ್ದೆ, ಪಿಯುಸಿಗೆ ಎಂತ ತಗೊಳ್ತೀರಿ ಅಂತ. ಆರ್ಟ್ಸ್ ಅಂದವರಲ್ಲಿ ಹತ್ತು ಹನ್ನೆರಡು ಜನರ ಹತ್ರ ಎಂತಕ್ಕೆ ಅಂತ ಕೇಳಿದ್ರೆ, ಇತಿಹಾಸ ಇಷ್ಟ ಅಂತ ಹೇಳಿದವ ಒಬ್ಬನೇ, ಉಳಿದವರೆಲ್ಲ "ಅಕ್ಕೋರೆ, ಸೈನ್ಸ್ ಪೂರಾ ಇಂಗ್ಲಿಷಲ್ಲಿ ಇರ್ತದಲ್ರಾ, ನಮಗೆ ಆಗೂದಿಲ್ಲ" ಅಂದ್ರು. ಸೈನ್ಸ್ ಅಂದವರ ಕಾರಣವೂ ಅಂಥದ್ದೇ, ಆರ್ಟ್ಸ್ ತಗೊಂಡ್ರೆ ಊರಲ್ಲಿ ಎಂತ ಹೇಳ್ತಾರೋ ಅಂತ ಹೆದರಿಕೆ. ಅಂದ್ರೆ ಎರಡೂ ಕಡೆ ಆಯ್ಕೆ ಮಾಡಿದ್ದು ನೀವಲ್ಲ, ನಿಮ್ಮ ಹೆದರಿಕೆ. ಮೂವತ್ತು ವರ್ಷ ಗಣಿತ ಕಲಿಸಿದವಳು ನಾನು, ಕ್ಲಾಸಲ್ಲಿ ಇದನ್ನ ಎಷ್ಟು ಸಲ ನೋಡಿದೆನೋ ಲೆಕ್ಕ ಇಲ್ಲ, ಆದ್ರೂ ಪ್ರತಿ ಸಲ ಹೊಟ್ಟೆ ಉರೀತದೆ.

ಕೆಲವು ವರ್ಷದ ಹಿಂದೆ ಇದೇ ಥರ ಹೇಳಿದ ಒಬ್ಬ ಹುಡುಗಿ ಕತೆ ಹೇಳ್ತೇನೆ. ಅಪ್ಪ ಬೋಟಿಗೆ ಹೋಗ್ತಿದ್ರು, ಆಯಿ ಮೀನು ಮಾರ್ತಿದ್ರು. ಅವಳಿಗೆ ಗಣಿತ ಚೆನ್ನಾಗೇ ಬರ್ತಿತ್ತು, ಗಿಡ ಮರ ಅಂದ್ರೆ ಪ್ರಾಣ. ಆದ್ರೂ ಆರ್ಟ್ಸ್ ಅಂತ ಹಟ, ಕಾರಣ ಇಂಗ್ಲಿಷ್. ಬೈದ್ರೆ ಪ್ರಯೋಜನ ಇಲ್ಲ ಅಂತ, ಪರೀಕ್ಷೆ ಮುಗಿದ ಮೇಲೆ ಮನೆಗೆ ಬಾ ಅಂದೆ. ಬಂದವಳ ಕೈಗೆ ಪಕ್ಕದ ಮನೆ ಹುಡುಗನ ಫಸ್ಟ್ ಪಿಯುಸಿ ಫಿಸಿಕ್ಸ್ ಪುಸ್ತಕ ಕೊಟ್ಟೆ, ಎನ್‌ಸಿಇಆರ್‌ಟಿಯದು. ಅದ್ರಲ್ಲಿ ಒಂದು ಲೆಕ್ಕ ಇದೆ. ಮಳೆ ನೆಟ್ಟಗೆ ಮೇಲಿಂದ ಕೆಳಗೆ ಬೀಳ್ತಾ ಇದೆ, ವೇಗ ಸೆಕೆಂಡಿಗೆ 35 ಮೀಟರ್. ಆಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಗಾಳಿ ಬೀಸೂಕೆ ಶುರುವಾಗ್ತದೆ, ಅದರ ವೇಗ 12 ಮೀಟರ್. ಬಸ್‌ಸ್ಟಾಪಲ್ಲಿ ನಿಂತ ಹುಡುಗ ಕೊಡೆ ಯಾವ ಕಡೆ ಹಿಡೀಬೇಕು?

ಇಂಗ್ಲಿಷಲ್ಲಿ ಓದಿ ಅವಳು ಪುಸ್ತಕ ಮುಚ್ಚೇ ಬಿಟ್ಲು. ಎಲ್ಲಿ ನಿಂತಿ ಅಂತ ಕೇಳ್ದೆ. "ವರ್ಟಿಕಲಿ" ಅನ್ನೋ ಶಬ್ದ ತೋರಿಸಿದ್ಲು, ಆಮೇಲೆ "ರಿಸಲ್ಟೆಂಟ್". ಮೊದಲಿನದು ಲಂಬವಾಗಿ, ಎರಡನೇದು ಎರಡೂ ಸೇರಿ ಆದದ್ದು ಅಂತ ಹೇಳಿ, ಲೆಕ್ಕವನ್ನ ಕನ್ನಡದಲ್ಲಿ ಓದಿ ಹೇಳ್ದೆ. ಕೂಡ್ಲೇ "ಗಾಳಿ ಬರೋ ಕಡೆಗೇ ವಾಲಿಸ್ಬೇಕಲ್ರಾ ಅಕ್ಕೋರೆ, ಪೂರ್ವಕ್ಕೆ" ಅಂದ್ಲು. ನಮ್ಮ ಕರಾವಳಿ ಮಕ್ಕಳಿಗೆ ಇದನ್ನ ಯಾರು ಕಲಿಸ್ಬೇಕು ಹೇಳಿ, ಜೂನಲ್ಲಿ ಸಮುದ್ರದ ಗಾಳಿ ಬಂದಾಗ ಶಾಲೆಗೆ ಹೋಗ್ತಾ ದಿನಾ ಕೊಡೆ ಪಡುವಣಕ್ಕೆ ವಾಲಿಸಿದ ಕೈ ಅದು.

ಎಷ್ಟು ವಾಲಿಸ್ಬೇಕು ಅಂದೆ. ಅವಳೇ ಚಿತ್ರ ಬರೆದ್ಲು, ಕೆಳಗೆ 35, ಅಡ್ಡಕ್ಕೆ 12, ಲಂಬಕೋನ ತ್ರಿಭುಜ ಆಯ್ತು. ವಿಕರ್ಣಕ್ಕೆ ಪೈಥಾಗೊರಸ್ ಹಾಕಿದ್ಲು, 1225ಕ್ಕೆ 144 ಕೂಡಿ 1369, ಅದರ ವರ್ಗಮೂಲ 37. ಅಂದ್ರೆ ಗಾಳಿ ಸೇರಿದ ಮಳೆ 37 ಮೀಟರ್ ವೇಗದಲ್ಲಿ ಓರೆಯಾಗಿ ಬರ್ತದೆ. ಕೋನಕ್ಕೆ ಟ್ಯಾನ್, 12 ಭಾಗ 35, ಹತ್ತಿರತ್ತಿರ 0.34. ಟ್ಯಾನ್ 30 ಡಿಗ್ರಿ 0.577 ಅಂತ ಹತ್ತನೇಲಿ ಬಾಯಿಪಾಠ ಮಾಡಿದ್ದು ನೆನಪಿತ್ತು, "ಹಾಗಾದ್ರೆ 30ಕ್ಕಿಂತ ಸುಮಾರು ಕಡಿಮೆ" ಅಂದ್ಲು. ಟೇಬಲ್ ನೋಡಿದ್ರೆ 19 ಡಿಗ್ರಿ. ಹನ್ನೊಂದನೇ ಕ್ಲಾಸಿನ ಇಂಗ್ಲಿಷ್ ಪುಸ್ತಕದ ಲೆಕ್ಕ, ಅದನ್ನ ಪೂರ್ತಿ ಬಿಡಿಸಿದ್ದು ಹತ್ತನೇ ಕನ್ನಡ ಮೀಡಿಯಂ ಗಣಿತ. ಅವಳಿಗೆ ಅಡ್ಡ ಬಂದದ್ದು ಬರೀ ಎರಡು ಶಬ್ದ.

ಅದಕ್ಕೇ ನಾನು ಹೇಳೋದು, ರಜೆಯಲ್ಲಿ ಒಂದು ಹತ್ತು ಹದಿನೈದು ದಿನ ಹೀಗೇ ಕೂತು ನೋಡಿ. ಸೀನಿಯರ್ ಹತ್ರ ಪುಸ್ತಕ ಇಸ್ಕೊಳ್ಳಿ, ಫಿಸಿಕ್ಸ್ ಒಂದು ಪಾಠ, ಬಯಾಲಜಿ ಒಂದು, ಹಿಸ್ಟರಿ ಒಂದು, ಅಕೌಂಟೆನ್ಸಿ ಒಂದು. ಓದ್ತಾ ಎಲ್ಲಿ ನಿಲ್ತೀರೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಆಮೇಲೆ ಯಾರ ಹತ್ರಾದ್ರೂ ಅದನ್ನ ಕನ್ನಡದಲ್ಲಿ ಹೇಳಿಸ್ಕೊಳ್ಳಿ. ಕನ್ನಡದಲ್ಲಿ ಹೇಳಿದ ಕೂಡ್ಲೇ ಹೊಳೆದ್ರೆ ನಿಮಗಿರೋದು ಭಾಷೆ ತೊಡಕು ಮಾತ್ರ. ಕನ್ನಡದಲ್ಲೂ ಹೊಳೀಲಿಲ್ಲ ಅಂದ್ರೆ ಹಿಂದಿನ ಪಾಠ ಗಟ್ಟಿ ಇಲ್ಲ, ಎಂಟು ಒಂಬತ್ತನೇ ಪುಸ್ತಕ ತೆಗೀಬೇಕು, ಅದಕ್ಕೆ ಹೆಚ್ಚು ದಿನ ಬೇಕು ನಿಜ, ಆದ್ರೂ ಆಗ್ತದೆ. ಎಲ್ಲ ಅರ್ಥ ಆಗ್ತಾ ಇದೆ, ಆದ್ರೂ ಮುಂದಿನ ಪುಟ ತಿರುಗಿಸೋ ಮನಸ್ಸೇ ಇಲ್ಲ ಅಂತಾದ್ರೆ ಅದು ಹೆದರಿಕೆ ಅಲ್ಲ, ನಿಮಗೆ ಬೇಡದ ವಿಷಯ, ಅದನ್ನ ಧೈರ್ಯವಾಗಿ ಬಿಡಿ, ಮಾರ್ಕ್ಸ್ ಎಷ್ಟೇ ಬಂದಿರ್ಲಿ.

ಆ ಹುಡುಗಿ ಪಿಸಿಎಂಬಿ ತಗೊಂಡ್ಲು. ಸುಲಭ ಆಯ್ತು ಅಂತ ಸುಳ್ಳು ಹೇಳೂದಿಲ್ಲ. ಮೊದಲ ಟೆಸ್ಟಲ್ಲಿ ಕೆಮಿಸ್ಟ್ರಿ ಫೇಲಾಗಿ ಅಳ್ತಾ ಬಂದಿದ್ಲು. ಒಂದು ನೂರು ಪೇಜಿನ ನೋಟ್‌ಬುಕ್ಕಲ್ಲಿ ನಡುವೆ ಗೆರೆ ಹೊಡೆದು, ಎಡಕ್ಕೆ ಇಂಗ್ಲಿಷ್ ಶಬ್ದ, ಬಲಕ್ಕೆ ಹೈಸ್ಕೂಲಲ್ಲಿ ಕಲಿತ ಕನ್ನಡ ಶಬ್ದ ಬರೀತಾ ಹೋದ್ಲು. ಫೋಟೋಸಿಂಥಸಿಸ್ ಎದುರಿಗೆ ದ್ಯುತಿಸಂಶ್ಲೇಷಣೆ, ಆಕ್ಸಿಲರೇಷನ್ ಎದುರಿಗೆ ವೇಗೋತ್ಕರ್ಷ. ದಸರಾ ರಜೆ ಮುಗಿಯೋ ಹೊತ್ತಿಗೆ ಹೊಸ ಶಬ್ದ ಬರೆಯೋದು ದಿನಕ್ಕೆ ಒಂದೋ ಎರಡೋ ಆಗಿತ್ತು, ಆಮೇಲೆ ನೋಟ್‌ಬುಕ್ ಅರ್ಧಕ್ಕೇ ಬಿಟ್ಲು, ಬೇಕಾಗ್ಲಿಲ್ಲ.

ಒಂದು ವಿಷಯ ಮಾತ್ರ ಮೊದಲೇ ತಿಳ್ಕೊಳ್ಳಿ, ಯಾಕಂದ್ರೆ ಅಡ್ಮಿಷನ್ ದಿನ ಕ್ಯೂನಲ್ಲಿ ನಿಂತಾಗ ಯಾರೂ ಹೇಳೂದಿಲ್ಲ. ಸೈನ್ಸ್ ಮಾಡಿದವರು ಮುಂದೆ ಬಿಎ, ಬಿಕಾಂ, ಲಾ ಯಾವುದಕ್ಕೂ ಹೋಗಬಹುದು, ಆದ್ರೆ ಆರ್ಟ್ಸ್ ಮಾಡಿ ಆಮೇಲೆ ಫಿಸಿಕ್ಸ್ ಕೆಮಿಸ್ಟ್ರಿ ಬಿಎಸ್ಸಿಗೆ ಬರೂಕೆ ಆಗೂದಿಲ್ಲ. ಸೈನ್ಸ್ ಒಳಗೇನೂ ಹಾಗೇ, ಬಯಾಲಜಿ ಬಿಟ್ಟು ಕಂಪ್ಯೂಟರ್ ತಗೊಂಡು ಪಿಸಿಎಂಸಿ ಮಾಡಿದ್ರೆ ಇಂಜಿನಿಯರಿಂಗ್ ಸಿಗ್ತದೆ, ಆದ್ರೆ ಶಿರಸಿ ಅರಣ್ಯ ಕಾಲೇಜಿಗೋ ಮಂಗಳೂರು ಮೀನುಗಾರಿಕೆ ಕಾಲೇಜಿಗೋ ಹೋಗ್ಬೇಕು ಅನ್ನೋರಿಗೆ ಬಯಾಲಜಿ ಓದಿರ್ಲೇಬೇಕು. ಹಾಗಂತ ಎಲ್ಲ ಬಾಗಿಲೂ ತೆರೆದಿರ್ಲಿ ಅಂತ ಬೇಡದ ಬಯಾಲಜಿ ಹೊತ್ಕೊಂಡು ಎರಡು ವರ್ಷ ನರಳೋದೂ ಹೆದರಿಕೆಯೇ.

ಅವತ್ತು ಇತಿಹಾಸ ಇಷ್ಟ ಅಂದನಲ್ಲ ಆ ಹುಡುಗ, ಅವನ ಅಪ್ಪ ಹಿಂದಿನ ಬೆಂಚಲ್ಲೇ ಕೂತಿದ್ರು. ಕಾರ್ಯಕ್ರಮ ಮುಗಿದ ಮೇಲೆ ಬಂದು, ಅಕ್ಕೋರೆ ಇವನಿಗೆ ಗಣಿತದಲ್ಲಿ ಯಾವಾಗ್ಲೂ ತೊಂಬತ್ತರ ಮೇಲೆ, ಆರ್ಟ್ಸಿಗೆ ಹಾಕಿದ್ರೆ ವೇಸ್ಟ್ ಆಗೂದಿಲ್ವಾ ಅಂದ್ರು. ಹುಡುಗನ್ನ ಕರ್ದು ಕೇಳ್ದೆ. ಅವ ಮಿರ್ಜಾನ್ ಕೋಟೆಗೆ ನಾಲ್ಕು ಸಲ ಹೋಗಿ ಗೋಡೆ, ಬಾವಿ ಎಲ್ಲದರ ನಕ್ಷೆ ಬರೆದಿಟ್ಟಿದ್ದ, ಹೆಜ್ಜೆ ಲೆಕ್ಕದಲ್ಲಿ ಅಳತೆ ಸಮೇತ. ಆ ಹಾಳೆ ಅಪ್ಪನ ಕೈಗೆ ಕೊಟ್ಟೆ. ಗಣಿತ ಎಲ್ಲಿಗೂ ಹೋಗ್ಲಿಲ್ಲ ನೋಡಿ, ಇದ್ರಲ್ಲೇ ಇದೆ ಅಂದೆ. ಅವ್ರು ಉತ್ತರ ಕೊಡ್ಲಿಲ್ಲ, ಆದ್ರೆ ಹಾಳೆ ಮಡಚಿ ಅಂಗಿ ಕಿಸೆಯಲ್ಲಿ ಇಟ್ಕೊಂಡ್ರು.

ಮಕ್ಕಳೇ, ಪರೀಕ್ಷೆ ಚೆನ್ನಾಗಿ ಬರೀರಿ. ಪುಸ್ತಕ ಯಾರ ಹತ್ರ ಇದೆ ಅಂತ ಈಗ್ಲೇ ಕೇಳಿ ಇಟ್ಕೊಳ್ಳಿ, ಆಮೇಲೆ ರದ್ದಿಗೆ ಹಾಕಿಬಿಡ್ತಾರೆ. ನಮಸ್ಕಾರ.